ನಮ್ಮ ಲೆಡ್ಜರು ಕಂಪನಿಯವರ ಕೈಯಲ್ಲಿ: ಕರಾರಿನಲ್ಲಿ ಏನಿರಬೇಕು?

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘ ಶುರುವಾದ ಕಾಲದಲ್ಲಿ ಸದಸ್ಯರ ಖಾತೆಯೆಲ್ಲ ದಪ್ಪ ಲೆಡ್ಜರಿನಲ್ಲಿ ಇರುತ್ತಿತ್ತು. ಲೆಡ್ಜರು ಬೀರುವಿನಲ್ಲಿ, ಬೀರುವಿನ ಕೀಲಿಕೈ ಕಾರ್ಯದರ್ಶಿಗಳ ಹತ್ತಿರ. ಯಾರ ಸಾಲ ಎಷ್ಟಿದೆ, ಯಾರ ಮನೆ ಒಡವೆ ಅಡವಿನಲ್ಲಿದೆ ಎಂಬುದು ಆ ಬೀರು ದಾಟಿ ಹೋಗುತ್ತಿರಲಿಲ್ಲ. ಈಗ ಅದೇ ಲೆಕ್ಕ ಕಂಪ್ಯೂಟರಿಗೆ ಬಂದಿದೆ. ಸಾಫ್ಟ್‌ವೇರು ಸಂಘದ್ದಲ್ಲ, ವರ್ಷಕ್ಕೆ ಇಷ್ಟು ಅಂತ ಹಣ ಕೊಟ್ಟು ಒಂದು ಕಂಪನಿಯಿಂದ ಪಡೆದದ್ದು. ಲೆಕ್ಕ ಕೂತಿರುವ ಯಂತ್ರ ನಮ್ಮ ಊರಿನಲ್ಲೂ ಇಲ್ಲ. ಕಂತಿನ ದಿನ ನೆನಪಿಸುವ ಮೆಸೇಜು ಕಳಿಸುವವರು ಇನ್ನೊಂದು ಕಂಪನಿ. ಅಂದರೆ ನಿಮ್ಮ ಆಧಾರ್ ಸಂಖ್ಯೆ, ಫೋನ್ ನಂಬರು, ಪಹಣಿ, ಸಾಲದ ಬಾಕಿ, ನಾಮಿನಿಯ ಹೆಸರು ಇವೆಲ್ಲ ನೀವು ಮುಖ ನೋಡದ ಜನರ ಕೈಯಲ್ಲಿವೆ. ಅವರಿಗೂ ನಮಗೂ ನಡುವೆ ಇರುವುದು ಒಂದು ಕರಾರು ಪತ್ರ ಮಾತ್ರ. ಸಾಮಾನ್ಯವಾಗಿ ಅದನ್ನು ಕಂಪನಿಯವರೇ ಅಚ್ಚು ಮಾಡಿಸಿ ತಂದಿರುತ್ತಾರೆ. ಸಂಘದವರು ದರ ನೋಡಿ ಸಹಿ ಹಾಕಿರುತ್ತಾರೆ.

ಈ ವಿಷಯದಲ್ಲಿ ಪಾರ್ಲಿಮೆಂಟು 2023ರಲ್ಲಿ ಒಂದು ಕಾಯಿದೆ ಮಾಡಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅಂತ ಅದರ ಹೆಸರು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ನಾನು ಈಗ ಹೇಳುವ ಹೊಣೆಗಳಿಗೆ ಅಂದಿನಿಂದ ಹದಿನೆಂಟು ತಿಂಗಳ ವಾಯಿದೆ ಇಟ್ಟಿದ್ದಾರೆ, ಅಂದರೆ 2027ರ ಮೇ ತಿಂಗಳು. ಬರೀ ಕಾಗದದ ಲೆಡ್ಜರಿಗೆ ಈ ಕಾಯಿದೆ ಇಲ್ಲ. ಆದರೆ ಕಾಗದದಲ್ಲಿದ್ದದ್ದನ್ನು ಕಂಪ್ಯೂಟರಿಗೆ ಹಾಕಿದ ಮೇಲೆ ಅನ್ವಯಿಸುತ್ತದೆ.

ಇದರ 8ನೇ ಕಲಮಿನಲ್ಲಿ ಒಂದು ಮಾತಿದೆ, ನಿರ್ದೇಶಕರು ದಯವಿಟ್ಟು ಗಮನಿಸಬೇಕು. ಕರಾರಿನಲ್ಲಿ ಏನೇ ಬರೆದುಕೊಂಡಿದ್ದರೂ, ಮಾಹಿತಿಯ ಹೊಣೆ ಅದನ್ನು ಜನರಿಂದ ಪಡೆದ ಸಂಸ್ಥೆಯದು. ಆ ಸಂಸ್ಥೆಯ ಪರವಾಗಿ ಕಂಪನಿ ಮಾಡುವ ಕೆಲಸಕ್ಕೂ ಆ ಸಂಸ್ಥೆಯೇ ಉತ್ತರ ಹೇಳಬೇಕು. ಸುರಕ್ಷತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಹಾಕಬಹುದು. ಗಾಬರಿಯಾಗಬೇಡಿ, ಅದು ಗರಿಷ್ಠ ಮಿತಿ. ಲೋಪದ ಗಾತ್ರ ನೋಡಿ ಮಂಡಳಿ ದಂಡ ನಿರ್ಧರಿಸುತ್ತದೆ. ಆದರೆ ಆ ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ, ನಷ್ಟವಾದ ಸದಸ್ಯನಿಗಲ್ಲ. ಸಂಘದ ಮೇಲೆ ಕಾಯಿದೆ ಇದೆ. ಕಂಪನಿಯನ್ನು ಹಿಡಿಯುವುದಕ್ಕೆ ಸಂಘದ ಕೈಲಿರುವುದು ಕರಾರು. ಅದರಲ್ಲಿ ಬರೆಯದೆ ಬಿಟ್ಟದ್ದನ್ನು ಆಮೇಲೆ ಕೇಳುವುದು ಬಹಳ ಕಷ್ಟ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಸಂಘ, 1,200 ಸದಸ್ಯರು. ಸಾಫ್ಟ್‌ವೇರಿಗೆ ವರ್ಷಕ್ಕೆ 36,000 ರೂಪಾಯಿ. ಒಂದು ಸಲ ಬಡ್ಡಿ ಲೆಕ್ಕ ತಪ್ಪು ಬರುತ್ತದೆ. ಕಂಪನಿಯ ಹುಡುಗ ಬಂದು, 'ಆಫೀಸಿನಲ್ಲಿ ಕೂತು ಸರಿ ಮಾಡ್ತೀನಿ ಸಾರ್' ಅಂತ ಪೂರ್ತಿ ಲೆಕ್ಕದ ಒಂದು ಪ್ರತಿ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ಹೋಗುತ್ತಾನೆ. ಬಡ್ಡಿ ಸರಿಯಾಗುತ್ತದೆ. ಪ್ರತಿ ಅಲ್ಲೇ ಉಳಿಯುತ್ತದೆ. ಆರು ತಿಂಗಳಿಗೆ ಹುಡುಗ ಕೆಲಸ ಬಿಡುತ್ತಾನೆ. ಆಮೇಲೆ ಸದಸ್ಯರಿಗೆ ಫೋನು ಬರುತ್ತದೆ: 'ನಿಮ್ಮ ಒಡವೆ ಸಾಲ ಇಷ್ಟು, ಕಂತು ಇಂಥ ದಿನ, ಇವತ್ತೇ ಕಟ್ಟಿದರೆ ಬಡ್ಡಿ ಮನ್ನಾ, ಈ ನಂಬರಿಗೆ ಹಾಕಿ.' ಕೇಳುವವನಿಗೆ ಅನುಮಾನ ಬರುವುದಾದರೂ ಹೇಗೆ? ಲೆಕ್ಕ ಪೈಸೆ ತಪ್ಪದೆ ಹೇಳುತ್ತಿದ್ದಾನಲ್ಲ! ಲೆಕ್ಕ ಸೋರಿದ್ದರ ಮೊದಲ ಗುರುತು ಇದೇ. ಹೊರಗಿನವನು ಸಂಘಕ್ಕೆ ಮಾತ್ರ ಗೊತ್ತಿರಬೇಕಾದ ಅಂಕಿಯನ್ನು ಸರಿಯಾಗಿ ಹೇಳಿದನೆಂದರೆ, ಸದಸ್ಯರು ಅದೇ ದಿನ ಸಂಘಕ್ಕೆ ಬಂದು ತಿಳಿಸಬೇಕು.

ಈಗ ಈ ಸಂಘದ ಕರಾರು ತೆಗೆದು ನೋಡೋಣ. 'ಗ್ರಾಹಕರ ಮಾಹಿತಿಯನ್ನು ಗೌಪ್ಯವಾಗಿ ಇಡಲಾಗುವುದು' ಅಂತ ಒಂದು ಸಾಲು ಇದೆ. ಓದಲು ಚೆನ್ನಾಗಿದೆ, ಕೆಲಸಕ್ಕೆ ಬರುವುದಿಲ್ಲ. ಪ್ರತಿ ತೆಗೆಯಬಾರದು ಅಂತ ಎಲ್ಲೂ ಇಲ್ಲ. ಅಲ್ಲಿ ಹೀಗೆ ಇರಬೇಕಿತ್ತು: ದುರಸ್ತಿಯನ್ನು ಸಂಘದ ಯಂತ್ರದಲ್ಲೇ ಮಾಡಬೇಕು, ಪ್ರತಿ ಬೇಕೇ ಬೇಕೆಂದರೆ ಕಾರ್ಯದರ್ಶಿಯ ಲಿಖಿತ ಅನುಮತಿ ಪಡೆಯಬೇಕು, ಹೆಸರು, ಆಧಾರ್, ಫೋನು ಮರೆಮಾಡಿ ಕೊಂಡೊಯ್ಯಬೇಕು, ಕೆಲಸ ಮುಗಿದ ಮೇಲೆ ಅಳಿಸಿ ಬರೆದು ಕೊಡಬೇಕು, ಸಂಘದ ಒಪ್ಪಿಗೆ ಇಲ್ಲದೆ ಇನ್ನೊಂದು ಕಂಪನಿಗೆ ಕೆಲಸ ವಹಿಸಬಾರದು. ಬಡ್ಡಿ ಲೆಕ್ಕ ಸರಿ ಮಾಡಲು ಸಾಲಗಾರನ ಹೆಸರು ಯಾಕೆ ಬೇಕು ಹೇಳಿ? ಅಸಲು, ದರ, ದಿನಾಂಕ ಇದ್ದರೆ ಸಾಕು.

ಮುಂದಿನದು, ಸೋರಿಕೆಯಾದರೆ ಯಾವಾಗ ತಿಳಿಸಬೇಕು ಎಂಬುದು. ಈ ಕರಾರಿನಲ್ಲಿ 'ವಿಚಾರಣೆ ಮುಗಿದ ನಂತರ ಸೂಕ್ತ ಕಾಲದಲ್ಲಿ' ಅಂತಿದೆ. ಸೂಕ್ತ ಕಾಲ ಅಂದರೆ ಮೂರು ತಿಂಗಳೂ ಆಗಬಹುದು. ಕಾಯಿದೆ ಪ್ರಕಾರ ಸಂಘಕ್ಕೆ ವಿಷಯ ತಿಳಿದ ಕೂಡಲೆ, ತಡ ಮಾಡದೆ ಬಾಧಿತ ಸದಸ್ಯರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಬೇಕು. 72 ಗಂಟೆಯೊಳಗೆ ಮಂಡಳಿಗೆ ಪೂರ್ಣ ವಿವರ ಕೊಡಬೇಕು. ಶನಿವಾರ ಬೆಳಿಗ್ಗೆ ಹತ್ತಕ್ಕೆ ತಿಳಿದರೆ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಗಡುವು ಮುಗಿಯಿತು, ನಡುವಿನ ಭಾನುವಾರ ಲೆಕ್ಕಕ್ಕೆ ಸೇರುತ್ತದೆ. ಯಾರ ಯಾರ ಮಾಹಿತಿ ಹೋಯಿತು, ಏನೇನು ಹೋಯಿತು, ಹೇಗೆ ಹೋಯಿತು ಎಂಬ ವಿವರ ಇರುವುದು ಕಂಪನಿಯ ಬಳಿ. ಆದ್ದರಿಂದ ಕರಾರಿನಲ್ಲಿ, ಅನುಮಾನ ಬಂದ 24 ಗಂಟೆಯೊಳಗೆ ಕಂಪನಿ ಸಂಘಕ್ಕೆ ಲಿಖಿತವಾಗಿ ತಿಳಿಸಬೇಕು, ಬಾಧಿತರ ಪಟ್ಟಿ ಕೊಡಬೇಕು ಎಂದಿರಬೇಕು. 'ಖಚಿತವಾದ ಮೇಲೆ' ಎಂಬ ಪದ ಬಿದ್ದರೆ ಹೊಡೆದು ಹಾಕಿ. ಖಚಿತ ಮಾಡಿಕೊಳ್ಳುವಷ್ಟರಲ್ಲಿ ಮೋಸದ ಫೋನುಗಳು ಊರೆಲ್ಲ ಸುತ್ತಿರುತ್ತವೆ.

ಇನ್ನು ನಷ್ಟದ ಮಾತು. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ, 'ಯಾವುದೇ ಕಾರಣಕ್ಕೆ ಕಂಪನಿಯ ಒಟ್ಟು ಹೊಣೆ ಒಂದು ವರ್ಷದ ಶುಲ್ಕ ಮೀರತಕ್ಕದ್ದಲ್ಲ' ಎಂದಿದೆ. ಇಲ್ಲಿ ಅದು 36,000 ರೂಪಾಯಿ. ವಯಸ್ಸಾದವರು ಮೆಸೇಜು ಓದುವುದಿಲ್ಲ ಅಂತ 1,200 ಸದಸ್ಯರಿಗೆ ಪತ್ರ ಹಾಕುತ್ತೀರಿ. ಅಂಚೆ, ಅಚ್ಚು, ಕೂಲಿ ಎಲ್ಲ ಸೇರಿ ತಲೆಗೆ 30 ರೂಪಾಯಿ ಹಿಡಿಯಿರಿ, ಅಲ್ಲಿಗೆ 36,000 ಮುಗಿಯಿತು. ಸದಸ್ಯರು ಕಳೆದುಕೊಂಡ ಹಣ, ವಕೀಲರ ಫೀಸು, ದಂಡ ಬಂದರೆ ದಂಡ, ಎಲ್ಲವೂ ಸಂಘದ ತಲೆಗೆ, ಅಂದರೆ ನಿಮ್ಮ ಡಿವಿಡೆಂಡಿಗೆ. ಮಿತಿಯೇ ಬೇಡ ಅಂದರೆ ಯಾವ ಕಂಪನಿಯೂ ಒಪ್ಪುವುದಿಲ್ಲ, ಅದು ನ್ಯಾಯವೂ ಇರಬಹುದು. ಸಾಫ್ಟ್‌ವೇರು ಕೆಟ್ಟು ಎರಡು ದಿನ ಕೌಂಟರು ನಿಂತರೆ ಆ ಮಿತಿ ಇರಲಿ. ಕಂಪನಿಯ ಲೋಪದಿಂದ ಸದಸ್ಯರ ಮಾಹಿತಿ ಸೋರಿದರೆ ಮಾತ್ರ ಈ ಮಿತಿ ಅನ್ವಯಿಸದು, ಇಲ್ಲವೇ ಬೇರೆ ದೊಡ್ಡ ಮಿತಿ ಅನ್ವಯಿಸುವುದು ಎಂದು ಒಂದು ವಾಕ್ಯ ಸೇರಿಸಿ ಅಂತ ಪಟ್ಟು ಹಿಡಿಯಬೇಕು. ನನ್ನ ಅಭಿಪ್ರಾಯದಲ್ಲಿ ದರದಲ್ಲಿ ಚೌಕಾಸಿ ಮಾಡಿ ಎರಡು ಸಾವಿರ ಉಳಿಸುವುದಕ್ಕಿಂತ ಈ ಒಂದು ವಾಕ್ಯ ಲಾಭದ್ದು.

ಕಂಪನಿ ಬದಲಾಯಿಸುವಾಗ ಆಗುವ ತೊಂದರೆಯನ್ನೂ ಹೇಳಿಬಿಡುತ್ತೇನೆ. ಹಳೆಯ ಕಂಪನಿ ಲೆಕ್ಕವನ್ನು ತನ್ನ ಸಾಫ್ಟ್‌ವೇರಿಗೆ ಮಾತ್ರ ಅರ್ಥವಾಗುವ ರೂಪದಲ್ಲಿ ಕೊಟ್ಟು ಕೈ ತೊಳೆದುಕೊಳ್ಳಬಹುದು. ಅಥವಾ ಕೊಟ್ಟ ಮೇಲೂ ತನ್ನ ಬ್ಯಾಕಪ್ಪಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿರಬಹುದು. ಎಕ್ಸೆಲ್‌ನಂಥ ಸಾಮಾನ್ಯ ರೂಪದಲ್ಲಿ ಪೂರ್ತಿ ಲೆಕ್ಕ ವಾಪಸು, ಅದನ್ನು ಹೊಸ ಯಂತ್ರದಲ್ಲಿ ತೆರೆದು ತಾಳೆ ನೋಡಿದ ಮೇಲೆ ಕೊನೆಯ ಕಂತಿನ ಹಣ, ಆಮೇಲೆ ಬ್ಯಾಕಪ್ಪು ಸಮೇತ ಅಳಿಸಿದ್ದಕ್ಕೆ ಸಹಿ ಮಾಡಿದ ಪತ್ರ. ಕ್ರಮ ಹೀಗೇ ಇರಬೇಕು. ಯಾರು, ಯಾವಾಗ ಲೆಕ್ಕ ತೆರೆದರು ಎಂಬ ದಾಖಲೆಯನ್ನು ಒಂದು ವರ್ಷ ಉಳಿಸಬೇಕೆಂದು ನಿಯಮದಲ್ಲಿದೆ. ಅಳಿಸುವ ಮುಂಚೆ ಅದನ್ನೂ ಕೇಳಿ ಪಡೆದುಕೊಳ್ಳಬೇಕು.

ಆ ದಾಖಲೆ ಇದೆಯೋ ಇಲ್ಲವೋ ಎಂದು ಇವತ್ತೇ ತಿಳಿಯಬಹುದು. ಕಾರ್ಯದರ್ಶಿಗಳು ಕಂಪನಿಗೆ ಫೋನು ಮಾಡಿ, 'ಹೋದ ಸೋಮವಾರ ನಮ್ಮ ಲೆಕ್ಕವನ್ನು ನಿಮ್ಮ ಕಡೆಯಿಂದ ಯಾರು ತೆರೆದಿದ್ದರು, ಪಟ್ಟಿ ಕಳಿಸಿ' ಅಂತ ಕೇಳಲಿ. ಸಂಜೆಯೊಳಗೆ ಪಟ್ಟಿ ಬಂದರೆ ಸರಿ. 'ಎಲ್ಲರದ್ದೂ ಒಂದೇ ಪಾಸ್‌ವರ್ಡು ಸಾರ್, ಹಾಗೆ ಹೇಳಲಾಗುವುದಿಲ್ಲ' ಅಂದರೆ, ನಾಳೆ ಸೋರಿಕೆಯಾದರೂ ಯಾರಿಂದ ಅಂತ ಅವರಿಗೂ ಗೊತ್ತಾಗುವುದಿಲ್ಲ.

ಈಗಾಗಲೇ ಸಹಿ ಆಗಿರುವ ಕರಾರನ್ನು ಹರಿದು ಹಾಕಬೇಕಾಗಿಲ್ಲ. ನವೀಕರಣದ ಸಮಯದಲ್ಲಿ ಈ ಅಂಶಗಳನ್ನು ಬರೆದ ಪೂರಕ ಕರಾರು ಮಾಡಿ ಇಬ್ಬರೂ ಸಹಿ ಹಾಕಿದರೆ ಸಾಕು. 'ಎಲ್ಲ ಸಂಘಕ್ಕೂ ಇದೇ ನಮೂನೆ, ಬದಲಾಯಿಸಲ್ಲ' ಅಂತ ಕಂಪನಿಯವರು ಹೇಳುತ್ತಾರೆ. ಒಂದು ಸಂಘ ಕೇಳಿದರೆ ಹಾಗೆ ಹೇಳುತ್ತಾರೆ, ತಾಲ್ಲೂಕಿನಲ್ಲಿ ಅದೇ ಸಾಫ್ಟ್‌ವೇರು ಇಟ್ಟುಕೊಂಡ ಹತ್ತು ಸಂಘ ಸೇರಿ ಒಂದೇ ಪತ್ರ ಬರೆದರೆ ಬೇರೆ ನಮೂನೆ ಅಚ್ಚಾಗುತ್ತದೆ. ಕರಾರಿನ ಪ್ರತಿಯನ್ನು ಮುಂದಿನ ಮಹಾಸಭೆಯಲ್ಲಿ ಓದಿಸಿ ಅಂತ ಸದಸ್ಯರು ಕೇಳಬೇಕು, ಕಾರ್ಯದರ್ಶಿಗಳು ಬೇಸರ ಮಾಡಿಕೊಳ್ಳಬಾರದು.