ರಜೆಯೊಳಗಿನ ಬಿಡುವು



ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕೆಲವು ಪೋಷಕರಿಗೆ ಓದಲು ಬರುವುದು ಕನ್ನಡವೊಂದೇ. ಸೂಚನೆಗಳು ಇಂಗ್ಲಿಷಿನಲ್ಲಿಯೂ ಬಹುಪಾಲು ಕಾರ್ಮಿಕರು ಬಲ್ಲ ಭಾಷೆಯಲ್ಲಿಯೂ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತು. ಇಲ್ಲಿ ಆ ಭಾಷೆ ತೆಲುಗು. ಆದುದರಿಂದ ಪೋಷಕರೊಬ್ಬರು ತಂದ ಇಂಗ್ಲಿಷ್ ಕೈಪಿಡಿಯನ್ನು ನಾವೇ ಕನ್ನಡಕ್ಕೆ ತಂದೆವು.

ನಾವು ಎಡವಿದ್ದು ‘ರಜೆ’ ಎಂಬ ಪದದಲ್ಲಿ. ‘ಹಾಲಿಡೇ’, ‘ಲೀವ್’ ಎರಡಕ್ಕೂ ಅದನ್ನೇ ಬರೆದಿದ್ದೆವು. 20 ದಿನಗಳ ದುಡಿಮೆಗೆ 1 ದಿನದ ಸಂಬಳಸಹಿತ ಲೀವ್. ಅದರ ನಡುವೆ ಬರುವ ಹಾಲಿಡೇ ಲೆಕ್ಕಕ್ಕಿಲ್ಲ ಎಂಬುದು ಮೂಲದ ನಿಯಮ. ನಮ್ಮ ಕನ್ನಡದಲ್ಲಿ ಅದು ‘ರಜೆಯಲ್ಲಿ ಬರುವ ರಜೆ ರಜೆಯಲ್ಲ’ ಎಂದಾಯಿತು!

ಕರಡನ್ನು ಓದಿಸಿ, ಶುಕ್ರವಾರದಿಂದ ಮಂಗಳವಾರದವರೆಗೆ ಊರಿಗೆ ಹೋದರೆ ಎಷ್ಟು ದಿನ ಕಳೆಯುವುದೆಂದು ಆ ಪೋಷಕರನ್ನು ಕೇಳಿದೆವು. ‘ಐದ್ರೀ’ ಎಂದರು. ನಡುವಿನ ಭಾನುವಾರ ಹಾಲಿಡೇ, ಕಳೆಯಬೇಕಾದದ್ದು ನಾಲ್ಕೇ. ಅವರ ಹಕ್ಕಿನ ಒಂದು ದಿನವನ್ನು ನಮ್ಮ ಪದವೇ ನುಂಗಿತ್ತು.

ಹಾಲಿಡೇಗೆ ‘ಬಿಡುವು’, ಲೀವಿಗೆ ಮಾತ್ರ ‘ರಜೆ’ ಎಂದು ಗೊತ್ತುಮಾಡಿ ಆದ್ಯಂತ ತಿದ್ದಿದೆವು. ಅದೇ ಪ್ರಶ್ನೆಯನ್ನು ಬೇರೊಬ್ಬರಿಗೆ ಹಾಕಿದಾಗ ‘ನಾಲ್ಕು’ ಎಂಬ ಉತ್ತರ ಬಂದಿತು. ಅನಂತರವೇ ಪ್ರತಿಗಳನ್ನು ಹಂಚಿದೆವು.