ಎದೆಮೇಲೆ ನನ ಹೆಸರು

ಇಂದು ನರ್ಸಿಂಗ್ ಪದವಿ ಪಡೆದ ಮಕ್ಕಳೇ,

ನಿಮ್ಮಲ್ಲಿ ಹಲವರು ಹೊರದೇಶಕ್ಕೆ ಹೊರಟಿದ್ದೀರಿ. ಕುವೈತಿನ ಆಸ್ಪತ್ರೆಯೊಂದರಲ್ಲಿ ನಾನು ಕಳೆದ ಮೊದಲ ದಿನದ ಬಗ್ಗೆ ಒಂದು ಹಾಡು ಬರೆದಿದ್ದೆ. ಅದು ಹುಟ್ಟಿದ ಬಗೆಯನ್ನಷ್ಟೇ ಇವತ್ತು ಹೇಳುತ್ತೇನೆ.

ಅಲ್ಲಿ ವಾರ ಶುರುವಾಗುವುದು ಭಾನುವಾರ. ಬೆಳಿಗ್ಗೆ ಏಳಕ್ಕೆ ಡ್ಯೂಟಿ. ಊರಿನಲ್ಲಿ ಆಗ ಒಂಬತ್ತೂವರೆ. ಅಮ್ಮ ಫೋನಿಗೆ ಕಾಯುತ್ತಿರುತ್ತಾಳೆಂದು ಗೊತ್ತಿತ್ತು, ಆದರೆ ಫೋನು ಲಾಕರಿನಲ್ಲಿತ್ತು. ಎದೆಗೆ ಹೊಸ ಬ್ಯಾಡ್ಜ್ ಸಿಕ್ಕಿಸಿದ್ದರು. ಅದರಲ್ಲಿ ನನ್ನ ಹೆಸರಿತ್ತು. ಮಧ್ಯಾಹ್ನದವರೆಗೆ ಆ ಹೆಸರು ಹಿಡಿದು ಯಾರೂ ಕರೆಯಲಿಲ್ಲ.

ರಾತ್ರಿ ಬರೆದ ಮೊದಲ ಕರಡಿನ ತುಂಬ ‘ಒಂಟಿತನ’, ‘ಹೆಮ್ಮೆ’ ಎಂಬ ಮಾತುಗಳೇ. ಓದಿದರೆ ಎರಡೂ ತಟ್ಟಲಿಲ್ಲ. ಎರಡನ್ನೂ ಹೊಡೆದುಹಾಕಿದೆ. ಉಳಿದದ್ದು ಬ್ಯಾಡ್ಜ್ ಮಾತ್ರ. ಅದನ್ನೇ ಪಲ್ಲವಿ ಮಾಡಿದೆ:

ಎದೆಮೇಲೆ ನನ ಹೆಸರು, ಕರೆವವರು ಯಾರು?

ಐದೈದು ಮಾತ್ರೆಯ ಮೂರು ಗಣ, ಕೊನೆಗೆ ಮೂರೇ ಮಾತ್ರೆ. ಮೊದಲು ‘ಯಾರಿಲ್ಲಿ’ ಎಂದು ಬರೆದು ಲೆಕ್ಕ ಐದಕ್ಕೆ ತುಂಬಿಸಿದ್ದೆ. ಹಾಡಿ ನೋಡಿದಾಗ ಸಾಲು ನಿಲ್ಲದೆ ಓಡಿತು. ‘ಯಾರು’ ಎಂದು ಕತ್ತರಿಸಿದ ಮೇಲೆ ತಾಳದಲ್ಲಿ ಎರಡು ಮಾತ್ರೆ ಖಾಲಿ ಉಳಿಯಿತು. ಯಾರೂ ಉತ್ತರ ಕೊಡದ ಆ ಮೌನವೇ ನನಗೆ ಬೇಕಿದ್ದದ್ದು. ಮೊದಲ ಚರಣ ಅದರ ಹಿಂದೆಯೇ ಬಂತು:

ಊರಲ್ಲಿ ಈ ಹೊತ್ತು ಬಿಸಿಲೇರಿ ಬಂತು
ಆರುತಿದೆ ಅಮ್ಮನಾ ಕೈಯಲ್ಲಿ ಕಾಫಿ

ಇದಾದ ಮೇಲೆ ಪಲ್ಲವಿ ಹಾಡಿದರೆ ‘ಕರೆವವರು ಯಾರು’ ಎಂದರೆ ಯಾರೂ ಇಲ್ಲ ಎಂದೇ ಅರ್ಥ.

ಎರಡನೆಯ ಚರಣ ಮಧ್ಯಾಹ್ನದ್ದು. ಮೂಲೆಯ ಹಾಸಿಗೆಯ ಅಜ್ಜ ಕೈಯೆತ್ತಿ ‘ಮಾಯ್’ ಎಂದರು. ಅರಬ್ಬಿಯಲ್ಲಿ ನೀರು, ನನಗೆ ಗೊತ್ತಿದ್ದ ನಾಲ್ಕೈದು ಪದಗಳಲ್ಲಿ ಅದೊಂದು. ಚಾರ್ಟಿನಲ್ಲಿ ಎನ್‌ಪಿಒ ಬರೆದಿಲ್ಲವೆಂದು ನೋಡಿಕೊಂಡು, ತಲೆದಿಂಬು ಎತ್ತರಿಸಿ, ಎರಡೇ ಗುಟುಕು ಕುಡಿಸಿದೆ.

ತುಟಿಯೊಣಗಿ ಹಿರಿಜೀವ ಕೈಯೆತ್ತಿ ಕರೆಯೆ
ಗುಟುಕೆರಡು ನೀರಿತ್ತೆ, ನಕ್ಕಿತಾ ಕಣ್ಣು

ಊರು–ಆರು, ತುಟಿ–ಗುಟುಕು: ಎರಡನೆಯ ಅಕ್ಷರದ ಪ್ರಾಸ ತಾನಾಗಿ ಕೂಡಿಬಂತು. ಚಾರ್ಟು, ದಿಂಬು ಹಾಡಿನೊಳಗೆ ಬರಲಿಲ್ಲ. ಆದರೆ ಅವನ್ನು ಬಿಟ್ಟು ನೀರು ಕೊಟ್ಟಿದ್ದರೆ ಈ ಸಾಲನ್ನು ಬರೆಯುವ ಹಕ್ಕು ನನಗಿರುತ್ತಿರಲಿಲ್ಲ.

ಇನ್ನು ಪಲ್ಲವಿಗೆ ಮರಳಿ. ಒಂದಕ್ಷರವನ್ನೂ ಬದಲಿಸಿಲ್ಲ. ಆದರೂ ಈಗ ‘ಕರೆವವರು ಯಾರು’ ಎನ್ನುವವಳು ವಾರ್ಡಿನಲ್ಲಿ ತಿರುಗಿ ನೋಡುತ್ತಿದ್ದಾಳೆ. ಯಾರೋ ಕರೆದಿದ್ದಾರೆ, ಅವಳು ಹೋಗಬೇಕು. ಹಾಡುವಾಗ ಮೊದಲ ಸಲ ಸ್ವರ ಕೆಳಗಿಳಿಯುತ್ತದೆ, ಈ ಸಲ ಮೇಲೇರುತ್ತದೆ.

ಮುಂದಿನ ಶುಕ್ರವಾರ, ರಜೆಯ ದಿನ, ಫೋನಿನಲ್ಲಿ ಅಮ್ಮನಿಗೆ ಹಾಡಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಅವತ್ತು ಕಾಫಿ ಆರಿಹೋಗಿದ್ದು ನಿನಗೆ ಯಾರು ಹೇಳಿದರೇ?”