ಮಾರ್ಚ್‌ನಲ್ಲಿ ಕೇಳಿದ್ರೆ ಲಿಸ್ಟ್ ಹೋಗಿರುತ್ತೆ: ಪ್ರಮೋಷನ್‌ಗೆ ಒಂದು ಪುಟದ ಲೆಕ್ಕ

ನಾನು ಪುಣೆಯಲ್ಲಿ, ಸುಮಾರು ಏಳುನೂರು ಜನ ಇರುವ ಒಂದು ಪೇಮೆಂಟ್ಸ್ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡ್ತೀನಿ. ಸೀನಿಯರ್ ಇಂಜಿನಿಯರ್‌ನಿಂದ ಲೀಡ್ ಆಗೋಕೆ ನಾನು ಎರಡು ಸಲ ಕೇಳಿದೆ. ಮೊದಲ ಸಲ ಆಗಲಿಲ್ಲ, ಮುಂದಿನ ವರ್ಷ ಆಯ್ತು. ಈ ಎರಡರ ನಡುವೆ ನಾನು ದಿಢೀರಂತ ಜಾಣನಾಗಲಿಲ್ಲ. ಕೇಳಿದ ತಿಂಗಳು ಬೇರೆ, ಕೈಯಲ್ಲಿದ್ದ ಕಾಗದ ಬೇರೆ. ಆ ಎರಡರ ಬಗ್ಗೆ ಮಾತ್ರ ಇವತ್ತು ಮಾತಾಡ್ತೀನಿ.

ಮೊದಲ ಸಲ ಕೇಳಿದ್ದು ಮಾರ್ಚ್ ಎರಡನೇ ವಾರ. ಸೆಲ್ಫ್ ಅಪ್ರೈಸಲ್ ಫಾರ್ಮ್ ಬಂದಿತ್ತು, ಅದೇ ಸರಿಯಾದ ಹೊತ್ತು ಅಂದುಕೊಂಡೆ. ನನ್ನ ಮ್ಯಾನೇಜರ್ ಒಳ್ಳೇ ಮನುಷ್ಯ. ಹಿಂದಿಯಲ್ಲಿ ಮೆಲ್ಲಗೆ ಹೇಳಿದರು, "ಲಿಸ್ಟ್ ಜನವರಿ ಕೊನೆಗೇ ಹೋಯ್ತಲ್ಲ, ಆಗಲೇ ಯಾಕೆ ಹೇಳಲಿಲ್ಲ?" ಯಾವ ಲಿಸ್ಟು ಅಂತಲೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಕೇಳಿ ತಿಳಿದುಕೊಂಡದ್ದು ಇಷ್ಟು. ನಮ್ಮಲ್ಲಿ ಹಣಕಾಸು ವರ್ಷ ಏಪ್ರಿಲ್‌ಗೆ ಶುರು. ಮುಂದಿನ ವರ್ಷದ ಸಂಬಳದ ಬಜೆಟ್ ಫೆಬ್ರವರಿಯಲ್ಲಿ ಮುಗಿಯುತ್ತೆ. ಯಾರು ಮೇಲಿನ ಗ್ರೇಡ್‌ಗೆ ಹೋಗ್ತಾರೆ ಅನ್ನೋದು ಗೊತ್ತಿಲ್ಲದೆ ಆ ಲೆಕ್ಕ ಹಾಕೋಕಾಗಲ್ಲ. ಅದಕ್ಕೆ ಮ್ಯಾನೇಜರ್‌ಗಳು ಜನವರಿಯಲ್ಲೇ ಹೆಸರು ಕೊಡಬೇಕು. ಮಾರ್ಚ್‌ನಲ್ಲಿ ನಾವು ತುಂಬೋ ಫಾರ್ಮ್ ರೇಟಿಂಗ್‌ಗೆ, ಇನ್‌ಕ್ರಿಮೆಂಟ್‌ಗೆ. ಅಷ್ಟರಲ್ಲಿ ಪ್ರಮೋಷನ್ ಸೀಟುಗಳೆಲ್ಲ ಹೆಚ್ಚುಕಮ್ಮಿ ತುಂಬಿರುತ್ತವೆ. ಎಲ್ಲ ಕಂಪನಿಯಲ್ಲೂ ಇದೇ ತಿಂಗಳು ಅಂತಲ್ಲ, ಜನವರಿಯಿಂದ ಡಿಸೆಂಬರ್‌ವರೆಗೆ ವರ್ಷ ಎಣಿಸುವ ಕಡೆ ಇದೆಲ್ಲ ಮೂರು ತಿಂಗಳು ಹಿಂದಕ್ಕೆ ಸರಿಯುತ್ತೆ. ನಿಮ್ಮಲ್ಲಿ ಯಾವಾಗ ಅನ್ನೋದನ್ನ ಎಚ್‌ಆರ್‌ಗೆ ನೇರವಾಗಿ ಕೇಳಿ: "ಪ್ರಮೋಷನ್‌ಗೆ ಹೆಸರು ಕೊಡೋ ಕೊನೇ ದಿನ ಯಾವುದು?" ಇದು ಗುಟ್ಟಿನ ವಿಷಯ ಅಲ್ಲ, ಕೇಳಿದವರಿಗೆ ಹೇಳ್ತಾರೆ. ಸಂಜೆ ಟಪ್ರಿಯಲ್ಲಿ ಚಹಾಕ್ಕೆ ನಿಲ್ಲೋರಿಗೆಲ್ಲ ಗೊತ್ತಿತ್ತು, ಐದೂವರೆ ಬಸ್ಸು ಹಿಡಿಯೋ ನನಗೆ ಗೊತ್ತಿರಲಿಲ್ಲ, ಅಷ್ಟೇ.

ಇನ್ನೊಂದು ವಿಷಯ. ದೊಡ್ಡ ಕಂಪನಿಗಳಲ್ಲಿ ಕಮಿಟಿ, ದಪ್ಪ ಫೈಲು ಎಲ್ಲ ಇರುತ್ತೆ. ನಮ್ಮಂಥ ಮಧ್ಯಮ ಗಾತ್ರದ ಕಂಪನಿಯಲ್ಲಿ ಆರು ಜನ ಹೆಡ್‌ಗಳು ಒಂದು ರೂಮಲ್ಲಿ ಕೂತು, ಒಂದು ಎಕ್ಸೆಲ್ ತೆರೆದು, ಒಂದೊಂದು ಹೆಸರಿಗೆ ಮೂರ್ನಾಲ್ಕು ನಿಮಿಷ ಕೊಡ್ತಾರೆ. ಅಲ್ಲಿ ನೀವಿರಲ್ಲ. ನಿಮ್ಮ ಮ್ಯಾನೇಜರ್ ಮಾತಾಡಬೇಕು, ಕೇಳೋರಲ್ಲಿ ನಾಲ್ಕೈದು ಜನಕ್ಕೆ ನಿಮ್ಮ ಮುಖವೇ ಗೊತ್ತಿರಲ್ಲ. ನಾವು ಬರೆದುಕೊಡೋ ಕಾಗದ ಮ್ಯಾನೇಜರ್ ಬಾಯಲ್ಲಿ ಸಲೀಸಾಗಿ ಬರಬೇಕು.

ನನ್ನ ಮೊದಲ ವರ್ಷದ ಫಾರ್ಮ್‌ನಲ್ಲಿ ಏನಿತ್ತು ಗೊತ್ತಾ? "ಸಿಸ್ಟಮ್ ಪರ್ಫಾರ್ಮೆನ್ಸ್ ಗಣನೀಯವಾಗಿ ಸುಧಾರಿಸಿದ್ದೇನೆ." ಎಷ್ಟು ಅಂತ ಯಾರಾದ್ರೂ ಕೇಳಿದ್ರೆ ಉತ್ತರವೇ ಇರಲಿಲ್ಲ. ಹಳೇ ಅಂಕಿ ಹುಡುಕೋಕೆ ಹೋದೆ. ಮಾನಿಟರಿಂಗ್ ಡ್ಯಾಶ್‌ಬೋರ್ಡ್ ಮೂವತ್ತು ದಿನದ ಡೇಟಾ ಮಾತ್ರ ಇಟ್ಟುಕೊಳ್ತಿತ್ತು. ನಾನು ಎಂಟು ತಿಂಗಳ ಹಿಂದೆ ಮಾಡಿದ ಕೆಲಸದ "ಮುಂಚೆ" ಅಳಿಸಿಹೋಗಿತ್ತು. ಮಾಡಿದ್ದು ನಿಜ, ತೋರಿಸೋಕೆ ಏನೂ ಇಲ್ಲ.

ಎರಡನೇ ವರ್ಷ ಇದನ್ನೇ ತಿರುಗಿಸಿ ಹಾಕಿದೆ. ನಮ್ಮಲ್ಲಿ ರಾತ್ರಿ ಹನ್ನೊಂದಕ್ಕೆ ಶುರುವಾಗೋ ಒಂದು ಜಾಬ್ ಇದೆ. ಬ್ಯಾಂಕಿನಿಂದ ಬರೋ ಸೆಟ್ಲ್‌ಮೆಂಟ್ ಫೈಲನ್ನ ನಮ್ಮ ವ್ಯವಹಾರಗಳ ಜೊತೆ ತಾಳೆ ನೋಡುತ್ತೆ. ಬೆಳಿಗ್ಗೆ ಆರರೊಳಗೆ ಮುಗೀಬೇಕು, ಯಾಕಂದ್ರೆ ಏಳಕ್ಕೆ ಗ್ರಾಹಕರಿಗೆ ರಿಪೋರ್ಟ್ ಹೋಗಬೇಕು. ತಿಂಗಳ ಕೊನೆಯಲ್ಲಿ ಅದು ಮುಗೀತಾನೇ ಇರಲಿಲ್ಲ. ಅದನ್ನ ಸರಿಮಾಡೋ ಕೆಲಸ ನನಗೆ ಬಂತು.

ಕೋಡ್ ಮುಟ್ಟೋ ಮುಂಚೆ ಒಂದು ಮಧ್ಯಾಹ್ನ ಹಳೇ ಲೆಕ್ಕಕ್ಕೆ ಕೂತೆ. ಡ್ಯಾಶ್‌ಬೋರ್ಡ್‌ನಲ್ಲಿ ಹಳೇದು ಇರಲಿಲ್ಲ, ಆದ್ರೆ ಜಾಬ್ ಮುಗಿದಾಗ ಟೀಮ್‌ಗೆ ಒಂದು ಆಟೋಮ್ಯಾಟಿಕ್ ಮೇಲ್ ಬರ್ತಿತ್ತು, ಯಾರೂ ಓದದೆ ಫೋಲ್ಡರ್‌ಗೆ ಬೀಳೋ ಮೇಲ್. ಏಪ್ರಿಲ್‌ನಿಂದ ಜೂನ್‌ವರೆಗಿನ 91 ಮೇಲ್‌ಗಳ ಶುರು, ಮುಗಿದ ಹೊತ್ತು ಎರಡನ್ನೂ ಎಕ್ಸೆಲ್‌ಗೆ ಹಾಕಿದೆ. ಸರಾಸರಿ 5 ಗಂಟೆ 40 ನಿಮಿಷ. ಆರು ಗಂಟೆ ದಾಟಿದ ದಿನಗಳು 11.

ಸರಿಪಡಿಸಿದ ಕಥೆ ಚಿಕ್ಕದು: ಒಂದೊಂದು ವ್ಯವಹಾರಕ್ಕೂ ಡೇಟಾಬೇಸ್‌ಗೆ ಒಂದೊಂದು ಸಲ ಹೋಗಿಬರ್ತಿತ್ತು, ಐದು ಸಾವಿರದ ಗುಂಪು ಮಾಡಿ ತರಿಸಿದೆವು, ಬೇಕಾದ ಕಡೆ ಇಂಡೆಕ್ಸ್ ಹಾಕಿದೆವು. ಜುಲೈ ನಡುವೆ ಲೈವ್ ಹೋಯ್ತು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ 92 ದಿನ, ಅದೇ ಮೇಲ್, ಅದೇ ಎಣಿಕೆ. ಸರಾಸರಿ 1 ಗಂಟೆ 10 ನಿಮಿಷ. ತಡವಾದ ದಿನ ಒಂದು.

ಆ ಒಂದು ದಿನವನ್ನ ಬಿಟ್ಟು ಸೊನ್ನೆ ಅಂತ ಬರೀಬಹುದಿತ್ತು, ಯಾಕಂದ್ರೆ ಅವತ್ತು ಬ್ಯಾಂಕಿನ ಫೈಲೇ ತಡವಾಗಿ ಬಂದಿತ್ತು. ಬರೆಯಲಿಲ್ಲ. "1, ಕಾರಣ ಬ್ಯಾಂಕ್ ಫೈಲ್ ತಡ" ಅಂತಲೇ ಹಾಕಿದೆ. ಆ ರೂಮಲ್ಲಿ ಯಾರೋ ಒಬ್ಬರಿಗೆ ಆ ದಿನ ನೆನಪಿರುತ್ತೆ, ಒಂದು ಅಂಕಿ ಸುಳ್ಳು ಅನ್ನಿಸಿದ್ರೆ ಉಳಿದದ್ದೂ ಹೋಯ್ತು. ಹಾಗೇ, "ವ್ಯವಹಾರವೇ ಕಮ್ಮಿಯಾಗಿತ್ತೇನೋ" ಅಂತ ಯಾರಾದ್ರೂ ಅನ್ನಬಾರದು ಅಂತ ದಿನದ ಸರಾಸರಿ ವ್ಯವಹಾರವನ್ನೂ ಪಕ್ಕದಲ್ಲಿ ಬರೆದೆ. 1.9 ಲಕ್ಷ ಇದ್ದದ್ದು 2.3 ಲಕ್ಷ ಆಗಿತ್ತು.

ಇಷ್ಟಾದ್ರೂ ಇದು ಇಂಜಿನಿಯರ್ ಭಾಷೆ. ಹೆಡ್‌ಗಳಿಗೆ ನಿಮಿಷ ಉಳಿದದ್ದರಿಂದ ಏನು? ನಾನು ಆಪರೇಷನ್ಸ್‌ನವರ ಹತ್ರ ಹೋಗಿ ಕೇಳಿದೆ: ಜಾಬ್ ತಡವಾದ ದಿನ ನೀವೇನು ಮಾಡ್ತಿದ್ರಿ? ಇಬ್ಬರು ಕೂತು ಸುಮಾರು ಮೂರು ಗಂಟೆ ಕೈಯಲ್ಲೇ ತಾಳೆ ನೋಡ್ತಿದ್ದರಂತೆ. 11 ದಿನ, ಇಬ್ಬರು, ಮೂರು ಗಂಟೆ, ಅಂದ್ರೆ ಮೂರು ತಿಂಗಳಿಗೆ 66 ಗಂಟೆ. ಈ ಅಂಕಿಯನ್ನ ನಾನು ಹೇಳಿದ್ರೆ ನನ್ನ ಬೆನ್ನು ನಾನೇ ತಟ್ಟಿಕೊಂಡ ಹಾಗೆ. ಅದಕ್ಕೆ ಆಪರೇಷನ್ಸ್ ಮ್ಯಾನೇಜರ್‌ಗೆ ಮೇಲ್ ಹಾಕಿ, "ನಾನು ಬರೆದ ಲೆಕ್ಕ ಸರಿ ಇದೆಯಾ?" ಅಂತ ಕೇಳಿದೆ. ಎರಡು ಸಾಲಿನ ಉತ್ತರ ಬಂತು, "ಹೌದು ಸರಿ, ಈಗ ಆ ಕೆಲಸ ನಿಂತಿದೆ" ಅಂತ. ಆ ಎರಡು ಸಾಲನ್ನ ಹಾಗೇ ನನ್ನ ಪುಟಕ್ಕೆ ಸೇರಿಸಿದೆ.

ಹಳೇ ಕೆಲಸ ನೆನಪು ಮಾಡಿಕೊಳ್ಳೋಕೆ ನಾನು ಬಳಸಿದ್ದು ಈ ಎರಡು. ಮೊದಲನೆಯದು ಜಿರಾ ಹುಡುಕಾಟ, ಎರಡನೆಯದು ಗಿಟ್.

```
assignee was currentUser() AND resolved >= "2023-04-01"
```

```
git log --author="$(git config user.email)" \
  --since="2023-04-01" --no-merges \
  --date=short --format="%ad %s"
```

ಜಿರಾದಲ್ಲಿ `was` ಹಾಕಬೇಕು. ಬರೀ `=` ಹಾಕಿದ್ರೆ ಈಗ ನಿಮ್ಮ ಹೆಸರಲ್ಲಿ ಇರೋದು ಮಾತ್ರ ಬರುತ್ತೆ, ಟೆಸ್ಟರ್ ಹೆಸರಿಗೆ ಹೋಗಿ ಮುಚ್ಚಿದ ಟಿಕೆಟ್‌ಗಳೆಲ್ಲ ತಪ್ಪಿಹೋಗ್ತವೆ. ಆದ್ರೆ ಈ ಪಟ್ಟಿಯನ್ನ ಯಾರಿಗೂ ಕೊಡಬೇಡಿ. ನನಗೆ ಇನ್ನೂರಕ್ಕೂ ಹೆಚ್ಚು ಟಿಕೆಟ್ ಬಂದಿತ್ತು, ಅದರಿಂದ ಪುಟಕ್ಕೆ ಹೋದದ್ದು ಮೂರೇ ಕೆಲಸ. ಮತ್ತೆ ಈ ಕಾಗದ ಎಲ್ಲ ಆಫೀಸ್ ಡ್ರೈವ್‌ನಲ್ಲೇ ಇರಲಿ. ಗ್ರಾಹಕರ ಅಂಕಿ ಇರೋ ಫೈಲನ್ನ ಸ್ವಂತ ಮೇಲ್‌ಗೆ ಕಳಿಸಿಕೊಂಡು, ಪ್ರಮೋಷನ್ ಬದಲು ಸೆಕ್ಯುರಿಟಿ ಟೀಮಿನ ನೋಟಿಸ್ ತಗೊಳ್ಳೋದು ಬೇಡ.

ಈಗ ಕಷ್ಟದ ಭಾಗ. ನವೆಂಬರ್ ಮೊದಲ ವಾರ ಮ್ಯಾನೇಜರ್ ಹತ್ರ ಬೇರೆಯಾಗಿಯೇ ಅರ್ಧ ಗಂಟೆ ಕೇಳಿದೆ. ವಾರದ ಸ್ಟೇಟಸ್ ಮೀಟಿಂಗ್ ಕೊನೆಯಲ್ಲಿ ತುರುಕಲಿಲ್ಲ. ನಾನು ಕೇಳಿದ್ದು "ಪ್ರಮೋಷನ್ ಕೊಡ್ತೀರಾ?" ಅಂತ ಅಲ್ಲ. "ಈ ಏಪ್ರಿಲ್‌ಗೆ ಲೀಡ್ ಆಗಬೇಕು ಅಂತ ನನಗಿದೆ. ಜನವರಿಯಲ್ಲಿ ನೀವು ನನ್ನ ಹೆಸರು ಕೊಡಬೇಕಾದ್ರೆ ಇನ್ನೂ ಏನು ಕಮ್ಮಿ ಇದೆ?" ಅಂತ. ಮೊದಲನೇ ಥರ ಕೇಳಿದ್ರೆ "ನೋಡೋಣ" ಅನ್ನೋ ಉತ್ತರ ಬರುತ್ತೆ, "ನೋಡೋಣ" ಅಂದ್ರೇನು ಅಂತ ನಿಮಗೂ ಗೊತ್ತು.

ಅವರು ಪುಟ ಓದಿ ಒಂದು ಮಾತು ಹೇಳಿದರು. "ಇದು ಸೀನಿಯರ್ ಕೆಲಸವನ್ನ ಬಹಳ ಚೆನ್ನಾಗಿ ಮಾಡಿದ್ದು. ಅದಕ್ಕೆ ಒಳ್ಳೇ ರೇಟಿಂಗ್ ಕೊಡ್ತೀನಿ. ಲೀಡ್ ಯಾಕೆ ಅಂತ ಕೇಳಿದ್ರೆ ನಾನೇನು ಹೇಳಲಿ?" ಆ ಕ್ಷಣ ಸಿಟ್ಟು ಬಂತು, ಆದ್ರೆ ಅವರು ಹೇಳಿದ್ದು ಸರಿ. ಎಚ್‌ಆರ್ ಹತ್ರ ಗ್ರೇಡ್‌ಗಳ ವಿವರದ ಎರಡು ಪುಟದ ಪಿಡಿಎಫ್ ಇತ್ತು, ಅದನ್ನ ತರಿಸಿಕೊಂಡು ಇಬ್ಬರೂ ಓದಿದೆವು. ಲೀಡ್ ಅಂದ್ರೆ ಬೇರೆಯವರ ಕೆಲಸವೂ ಇವನ ಮೂಲಕ ಸಾಗಬೇಕು, ಒಂದು ಬಿಡುಗಡೆಯ ಪೂರ್ತಿ ಹೊಣೆ ಹೊರಬೇಕು ಅಂತಿತ್ತು. ಮೊದಲನೆಯದು ನಾನು ಮಾಡಿದ್ದೆ, ಬರೆದಿರಲಿಲ್ಲ: ಈ ಜಾಬಿನ ಡಿಸೈನ್ ನಾನು ಬರೆದು, ಇಬ್ಬರು ಜೂನಿಯರ್‌ಗಳಿಗೆ ಭಾಗ ಮಾಡಿ ಕೊಟ್ಟಿದ್ದೆ, ಅವರಲ್ಲಿ ಒಬ್ಬಳು ಅದೇ ಕ್ರಮದಲ್ಲಿ ರೀಫಂಡ್ ಜಾಬನ್ನ ತಾನೊಬ್ಬಳೇ ಸರಿಮಾಡಿದ್ದಳು. "ನಾವು ಮಾಡಿದೆವು" ಅಂತಷ್ಟೇ ಬರೆದಿದ್ದೆ. ಯಾರು ಏನು ಮಾಡಿದರು ಅಂತ ಹೆಸರು ಹಾಕಿ ಬಿಡಿಸಿ ಬರೆದಾಗ ಅವಳ ಕೆಲಸವೂ ಕಂಡಿತು, ನನ್ನದೂ ಕಂಡಿತು.

ಎರಡನೆಯದು ನಿಜಕ್ಕೂ ಇರಲಿಲ್ಲ. ಡಿಸೆಂಬರ್ ಬಿಡುಗಡೆಯನ್ನ ನನಗೆ ವಹಿಸಿ ಅಂತ ಕೇಳಿದೆ, ಕೊಟ್ಟರು. ನವೆಂಬರ್‌ನಲ್ಲಿ ಕೇಳಿದ್ದರಿಂದ ಕೊಡೋಕೆ ಒಂದು ಬಿಡುಗಡೆ ಬಾಕಿ ಇತ್ತು. ಅವತ್ತೇ ಸಂಜೆ ಮಾತಾಡಿದ್ದನ್ನ ನಾಲ್ಕು ಸಾಲಿನ ಮೇಲ್ ಮಾಡಿ ಕಳಿಸಿದೆ. ಇದು ಅವರ ಮೇಲೆ ಅಪನಂಬಿಕೆಯಿಂದ ಅಲ್ಲ. ಚೆನ್ನೈನಲ್ಲಿರೋ ನನ್ನ ಗೆಳೆಯನ ಮ್ಯಾನೇಜರ್ ಜನವರಿಯಲ್ಲಿ ಕಂಪನಿ ಬಿಟ್ಟರು. ಅವನ ಹತ್ರ ಬಾಯಿಮಾತು ಮಾತ್ರ ಇತ್ತು, ಹೊಸಬರಿಗೆ ಎಲ್ಲ ಮೊದಲಿಂದ ಹೇಳಬೇಕಾಯ್ತು, ಒಂದು ವರ್ಷ ಹೋಯ್ತು.

ಈ ಕಾಗದ ಕೆಲಸಕ್ಕೆ ಬಾರದ ಸಂದರ್ಭವೂ ಇದೆ. ಬಿಟ್ಟುಹೋದವರ ಜಾಗಕ್ಕೆ ಜನ ತಗೊಳ್ತಿಲ್ಲ, ವೇರಿಯಬಲ್ ಪೇ ಕಡಿತ ಆಗಿದೆ ಅಂದ್ರೆ ಆ ವರ್ಷ ಸೀಟೇ ಇರಲ್ಲ. ಆಗ ಮುಂದಿನ ಪರಿಶೀಲನೆ ಯಾವ ತಿಂಗಳು ಅಂತ ಮೇಲ್‌ನಲ್ಲಿ ತಗೊಂಡು, ಪುಟಕ್ಕೆ ಸೇರಿಸ್ತಾ ಹೋಗಿ. ಅದೇ ಪುಟ ಹೊರಗಿನ ಇಂಟರ್‌ವ್ಯೂಗೂ ಆಗುತ್ತೆ, ಕಂಪನಿಯ ಗುಟ್ಟಿನ ಅಂಕಿ ತೆಗೆದು. ಬೇರೆ ಆಫರ್ ತೋರಿಸಿ ಹೆದರಿಸೋದನ್ನ ನಾನಂತೂ ಮಾಡಲ್ಲ. "ಸರಿ, ಹೋಗಿ" ಅಂದ್ರೆ ನಿಜಕ್ಕೂ ಹೋಗೋಕೆ ತಯಾರಿದ್ದಾಗ ಮಾತ್ರ ಅದು ನಡೆಯುತ್ತೆ.

ಜನವರಿ ಎರಡನೇ ವಾರ, ಲಿಸ್ಟ್ ಹೋಗೋ ಮುಂಚೆ, ಡಿಸೆಂಬರ್ ಬಿಡುಗಡೆಯ ಅರ್ಧ ಪುಟ ಸೇರಿಸಿ ಕೊಟ್ಟೆ. ಬಿಡುಗಡೆಯಾದ ಮರುದಿನ ಒಂದು ತೊಂದರೆ ಬಂದು ಹಿಂದಿನ ವರ್ಷನ್‌ಗೆ ಹೋಗಬೇಕಾಗಿತ್ತು, ಇಪ್ಪತ್ತು ನಿಮಿಷದಲ್ಲಿ ಹೋದೆವು, ಅದನ್ನೂ ಬರೆದೆ. ಏಪ್ರಿಲ್‌ನಲ್ಲಿ ಪತ್ರ ಬಂತು. ಸಂಬಳ ನಾನಂದುಕೊಂಡಷ್ಟು ಏರಲಿಲ್ಲ, ಆ ಜಗಳ ಇನ್ನೊಂದು ವಿಡಿಯೋಗೆ. ರೂಮಲ್ಲಿ ಏನಾಯ್ತು ಅಂತ ಆಮೇಲೆ ಮ್ಯಾನೇಜರ್‌ನ ಕೇಳಿದೆ. ಒಂದೇ ಪ್ರಶ್ನೆ ಬಂತಂತೆ, "ಈ 66 ಗಂಟೆ ಲೆಕ್ಕ ಯಾರು ಹಾಕಿದ್ದು?" ಅಂತ. ಆಪರೇಷನ್ಸ್ ಹೆಡ್ ತಾವೇ ಹೇಳಿದರಂತೆ, "ನಮ್ಮವರೇ ಒಪ್ಪಿದ್ದಾರೆ." ಮುಂದಿನ ಹೆಸರಿಗೆ ಹೋದರು.